ಹಲ್ಲು ಬರೋ ಮಗುವಿಗೆ ರಸ್ಕೋ, ಬಿಸ್ಕತ್ತೋ?

“ಮಗಳಿಗೆ ಒಂಬತ್ತು ತಿಂಗಳು. ಹಲ್ಲು ಬರ್ತಿದೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಡೀತಾಳೆ. ವಸಡಿಗೆ ಗಟ್ಟಿ ಏನಾದ್ರೂ ಬೇಕು, ರಸ್ಕ್ ಕೊಡು ಅಂತಾರೆ ಅತ್ತೆ. ಸುಜಿ ರಸ್ಕ್ ಒಳ್ಳೇದಾ, ಗ್ಲೂಕೋಸ್ ಬಿಸ್ಕತ್ತಾ? ದೊಡ್ಡ ಮಗನಿಗೆ ಎರಡೂವರೆ ವರ್ಷ, ಅವನಿಗೂ ಅದನ್ನೇ ಕೊಡಬಹುದಾ?”

ಕಡಿಯೋಕೆ ಅಂತಾದ್ರೆ ಎರಡೂ ಬೇಡ. ನಮ್ಮ ಕಡೆ ಪ್ರತಿ ಮನೆಯಲ್ಲೂ ಕೇಳಿಬರೋ ಪ್ರಶ್ನೆ ಇದು. ವಸಡಿನ ನವೆ ತೀರಿಸೋದು ಒಂದು ಕೆಲಸ, ತಿನ್ನಿಸೋದು ಇನ್ನೊಂದು. ಎರಡನ್ನೂ ಒಂದೇ ರಸ್ಕಿನ ಕೈಲಿ ಮಾಡಿಸೋಕೆ ಹೋದಾಗಲೇ ತೊಂದರೆ ಶುರುವಾಗೋದು. ಕಡಿಯೋಕೆ ಕೊಡುವ ವಸ್ತು ಮುರೀಬಾರದು, ತಿನ್ನೋಕೆ ಕೊಡುವ ವಸ್ತು ವಸಡಿಗೇ ಕರಗಬೇಕು. ರಸ್ಕ್ ಈ ಎರಡೂ ಅಲ್ಲ. ಅದು ಗಟ್ಟಿ, ಆದರೆ ಮುರಿಯುತ್ತೆ.

ರಸ್ಕ್ ಅಂದ್ರೆ ಬ್ರೆಡ್ಡನ್ನು ಹೋಳು ಮಾಡಿ, ನೀರಿನಂಶವೆಲ್ಲ ಹೋಗುವ ತನಕ ಮತ್ತೆ ಒಲೆಯಲ್ಲಿ ಒಣಗಿಸಿದ್ದು. ಒಂಬತ್ತು ತಿಂಗಳ ಮಗುವಿಗೆ ಇದ್ದರೆ ಮುಂದಿನ ಒಂದೆರಡು ಹಲ್ಲು. ಅವು ಕಚ್ಚಿ ತುಂಡು ಮಾಡುತ್ತವೆ, ಅಷ್ಟೇ. ಅರೆಯುವ ದವಡೆ ಹಲ್ಲು ಬರೋದು ಸಾಮಾನ್ಯವಾಗಿ ವರ್ಷ ದಾಟಿದ ಮೇಲೆ. ಮಗು ಜೊಲ್ಲಲ್ಲಿ ನೆನೆಸಿ ನೆನೆಸಿ ಚೀಪುವಾಗ ರಸ್ಕಿನ ಒಂದು ಮೂಲೆ ಮೆತ್ತಗಾಗಿ ಪಟ್ಟಂತ ಕಳಚಿಕೊಳ್ಳುತ್ತೆ. ಆ ತುಂಡಿನ ಹೊರಭಾಗ ಅಂಟು, ಒಳಗೆ ಇನ್ನೂ ಒಣ. ಅರೆಯೋಕೆ ಹಲ್ಲಿಲ್ಲದ್ದರಿಂದ ಅದು ನೇರ ಗಂಟಲ ಕಡೆ ಜಾರುತ್ತೆ.

“ಹಾಲಲ್ಲಿ ಅದ್ದಿ ಕೊಟ್ರೆ ಮೆತ್ತಗಾಗುತ್ತಲ್ಲ” ಅನ್ನೋರೇ ಹೆಚ್ಚು. ಹೆಚ್ಚಿನವರು ತಪ್ಪೋದು ಇಲ್ಲೇ. ಅದ್ದೋದು ಬೇರೆ, ನೆನೆಸೋದು ಬೇರೆ. ಒಂದು ರಸ್ಕನ್ನು ಬಿಸಿ ಹಾಲಿಗೆ ಅದ್ದಿ ತಕ್ಷಣ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ ನೋಡಿ. ನಡುವಿನ ತಿರುಳು ಸ್ಪಂಜಿನ ಹಾಗೆ ಅಮುಕುತ್ತೆ. ಸುತ್ತಲಿನ ಕಂದು ಅಂಚು ಮಾತ್ರ ಹಾಗೇ ಗಟ್ಟಿ ಇರುತ್ತೆ. ಅದು ಬ್ರೆಡ್ಡಿನ ಹೊರ ತೊಗಟೆ, ಹಾಲು ಹೀರೋದು ಎಲ್ಲಕ್ಕಿಂತ ನಿಧಾನ. ಚಮಚದಲ್ಲಿ ತಿನ್ನಿಸುವಾಗ ನಿಮ್ಮ ಕಣ್ಣಿಗೆ ಬೀಳೋದು ಮೆತ್ತಗಿನ ಭಾಗ, ಮಗುವಿನ ಬಾಯಿಗೆ ಸೇರೋದು ಎರಡೂ. ಮಳೆಗಾಲದಲ್ಲಿ ಡಬ್ಬಿ ಸರಿ ಮುಚ್ಚದೆ ಥಂಡಿ ಹಿಡಿದ ರಸ್ಕ್ ಇನ್ನೂ ಕೆಟ್ಟದ್ದು. ಅದು ಕಟಕ್ ಅನ್ನಲ್ಲ, ಚರ್ಮದ ಹಾಗೆ ಜಗ್ಗುತ್ತೆ, ಬಾಯಲ್ಲಿ ಕರಗೋದೂ ಇಲ್ಲ. “ಮೆತ್ತಗಾಗಿದೆ, ಮಗುವಿಗೆ ಕೊಡಿ” ಅಂತ ಅದನ್ನೇ ಎತ್ತಿ ಕೊಡೋರಿದ್ದಾರೆ! ಬೇಕರಿಯ ಬಿಡಿ ರಸ್ಕಿನಲ್ಲಿ ಟೂಟಿ ಫ್ರೂಟಿ, ಸೋಂಪು ಇದ್ದರೆ ಅದನ್ನಂತೂ ಮರೆತುಬಿಡಿ.

ಗ್ಲೂಕೋಸ್ ಬಿಸ್ಕತ್ತು ಈ ವಿಷಯದಲ್ಲಿ ವಾಸಿ, ಒಪ್ಪುತ್ತೇನೆ. ಹಾಲಿಗೆ ಬಿದ್ದ ಕೂಡಲೇ ಕುಸಿದು ಗಂಜಿಯಾಗುತ್ತೆ. ಅದರ ಸಮಸ್ಯೆ ಸಕ್ಕರೆ. ಪ್ಯಾಕೆಟ್ಟಿನ ಹಿಂದೆ ಪೋಷಕಾಂಶದ ಪಟ್ಟಿಯಲ್ಲಿ “100 ಗ್ರಾಂಗೆ” ಅನ್ನುವ ಸಾಲಿಗೇ ಹೋಗಿ, “ಒಂದು ಸರ್ವಿಂಗ್” ಲೆಕ್ಕ ಬಿಟ್ಟುಬಿಡಿ. ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸಾಮಾನ್ಯವಾಗಿ 100 ಗ್ರಾಂಗೆ 25 ಗ್ರಾಂ ಆಸುಪಾಸು ಸಕ್ಕರೆ ಇರುತ್ತೆ. ಸಪ್ಪೆ ಅನ್ನಿಸುವ ಮಾರಿಯಲ್ಲೂ, ರಸ್ಕಿನಲ್ಲೂ 20ರ ಹತ್ತಿರ ಇರೋದು ಸಾಮಾನ್ಯ. 20 ಇದೆ ಅಂತಲೇ ಇಟ್ಟುಕೊಳ್ಳಿ. ತಲಾ 10 ಗ್ರಾಂ ತೂಗುವ ಎರಡು ರಸ್ಕಿನಲ್ಲಿ 4 ಗ್ರಾಂ ಸಕ್ಕರೆ, ಅಂದರೆ ಒಂದು ಟೀ ಚಮಚ. ನೆನೆಸುವ ಹಾಲಿಗೆ ಇನ್ನೊಂದು ಚಮಚ ಹಾಕಿದರೆ ಎರಡಾಯ್ತು. ಎರಡು ವರ್ಷ ತುಂಬುವ ತನಕ ಮೇಲಿಂದ ಸೇರಿಸಿದ ಸಕ್ಕರೆಯೇ ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತೆ. ನೆನೆದ ಮೈದಾ ಹಿಟ್ಟು ಹೊಸ ಹಲ್ಲಿನ ಬುಡಕ್ಕೆ ಅಂಟಿಕೊಂಡು ಕೂರುತ್ತೆ. ಮಲಗೋ ಹೊತ್ತಿಗೆ ತಿನ್ನಿಸಿ ಹಾಗೇ ಮಲಗಿಸಿದರೆ ಹಲ್ಲು ಹುಳುಕಾಗೋದಕ್ಕೆ ದಾರಿ.

ಇನ್ನು “ಸುಜಿ”, “ರಾಗಿ” ಅನ್ನುವ ಹೆಸರು. ಪ್ಯಾಕೆಟ್ಟಿನ ಮುಂಭಾಗ ಬಿಡಿ, ಪದಾರ್ಥಗಳ ಪಟ್ಟಿ ಓದಿ. ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು ಬರಬೇಕು ಅನ್ನೋದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ, ಆಮೇಲೆಲ್ಲೋ ರವೆ ಅಂತಿದ್ದರೆ ಅದು ಮೈದಾ ರಸ್ಕೇ. ಇನ್ನೊಂದು ಚಾಲಾಕಿಯೂ ಇದೆ. ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಮಾಲ್ಟ್ ಎಕ್ಸ್‌ಟ್ರಾಕ್ಟ್ ಅಂತ ಬೇರೆ ಬೇರೆ ಹೆಸರಲ್ಲಿ ಹಂಚಿಬಿಟ್ಟರೆ ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತೆ. ಅದಕ್ಕೇ ಗ್ರಾಂ ಲೆಕ್ಕವನ್ನೂ ನೋಡಬೇಕು. ಬೆಲ್ಲ ಹಾಕಿದ್ದೂ ಸಕ್ಕರೆ ಹಾಕಿದ್ದೇ. ಜೇನುತುಪ್ಪ ಇರುವುದನ್ನು ವರ್ಷ ತುಂಬದ ಮಗುವಿಗೆ ಕೊಡಲೇಬಾರದು, ಬಾಟ್ಯುಲಿಸಂ ಅನ್ನುವ ಗಂಭೀರ ಕಾಯಿಲೆಯ ಅಪಾಯವಿದೆ. “ಶುಗರ್ ಫ್ರೀ” ಬಿಸ್ಕತ್ತು ಮಾಡಿರೋದು ದೊಡ್ಡವರಿಗೆ, ಅದರ ಸಿಹಿಕಾರಕಗಳು ಮಗುವಿಗೆ ಬೇಡ.

ಹಾಗಾದರೆ ಮಗಳಿಗೇನು? ಕಡಿಯೋಕೆ ಒಂದೇ ತುಂಡಾಗಿರುವ ಟೀಥಿಂಗ್ ರಿಂಗ್ ಅಥವಾ ಒದ್ದೆ ಮಾಡಿ ಫ್ರಿಜ್ಜಿನಲ್ಲಿಟ್ಟ ಶುಭ್ರ ಬಟ್ಟೆ ಕೊಡಿ. ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿದ್ದು ವಸಡಿಗೆ ನೋವು. ತೊಳೆದ ಬೆರಳಲ್ಲಿ ವಸಡು ತಿಕ್ಕಿದರೂ ಆಯ್ತು. ಹಸಿ ಕ್ಯಾರೆಟ್ ಬೇಡ, ಅದೂ ರಸ್ಕಿನ ಹಾಗೇ ಮುರಿಯುತ್ತೆ. ಕೈಯಲ್ಲಿ ಹಿಡಿದು ತಿನ್ನೋಕೆ ಮೆತ್ತಗಿನ ಇಡ್ಲಿಯನ್ನು ನಿಮ್ಮ ಬೆರಳಿನಷ್ಟು ಉದ್ದ ದಪ್ಪಕ್ಕೆ ಕತ್ತರಿಸಿ. ಪುಟ್ಟ ಮುಷ್ಟಿಯಿಂದ ಹೊರಗೆ ಚಾಚಿಕೊಂಡಿರಬೇಕು. ಎರಡು ಬೆರಳಲ್ಲಿ ಒತ್ತಿದರೆ ಸುಲಭವಾಗಿ ನುಚ್ಚಾದರೆ ಅವಳ ವಸಡಿಗೂ ನುಚ್ಚಾಗುತ್ತೆ. ಅತ್ತೆಯವರ ಮನಸ್ಸಿಗೆ ರಸ್ಕೇ ಆಗಬೇಕು ಅಂದ್ರೆ, ಅಂಚಿನ ತೊಗಟೆ ಪೂರ್ತಿ ಮುರಿದು ತೆಗೆದು, ತಿರುಳನ್ನು ಪುಡಿ ಮಾಡಿ, ಎದೆಹಾಲು ಅಥವಾ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಕಿವುಚಿ, ಚಮಚದಿಂದ ಸಲೀಸಾಗಿ ಬೀಳುವಷ್ಟು ತೆಳ್ಳಗೆ ಮಾಡಿ. ಮುದ್ದೆಯಂತಿದ್ದರೆ ಅಂಗುಳಿಗೆ ಅಂಟುತ್ತೆ. ಸಕ್ಕರೆ ಮಾತ್ರ ಇದ್ದೇ ಇರುತ್ತೆ, ಹಾಗಾಗಿ ಅದು ಅಪರೂಪಕ್ಕೆ ಸಾಕು, ದಿನದ ಊಟವಲ್ಲ.

ತಿನ್ನುವಾಗ ಓಕರಿಸಿ, ಕೆಮ್ಮಿ, ಮುಖ ಕೆಂಪಾದರೆ ಹೆದರಬೇಡಿ, ಸಾಮಾನ್ಯವಾಗಿ ಅವಳೇ ಹೊರಹಾಕುತ್ತಾಳೆ. ಸದ್ದೇ ಇಲ್ಲ, ಅಳೋಕೂ ಆಗ್ತಿಲ್ಲ ಅಂದರೆ ಉಸಿರುಗಟ್ಟಿದೆ ಅಂತ ಅರ್ಥ. ತಲೆ ಕೆಳಗಿರುವ ಹಾಗೆ ಮುಂಗೈ ಮೇಲೆ ಬೋರಲು ಮಲಗಿಸಿ, ಬೆನ್ನಿನ ಮೇಲ್ಭಾಗದ ನಡುವೆ ಅಂಗೈ ಬುಡದಿಂದ ಐದು ಸಲ ತಟ್ಟಿ. ಆಮೇಲೆ ತಿರುಗಿಸಿ ಎದೆಯ ಮಧ್ಯದಲ್ಲಿ ಐದು ಸಲ ಒತ್ತಿ. ಹೊರಬರುವ ತನಕ ಹೀಗೇ ಮುಂದುವರಿಸಿ, ಜೊತೆಗಿರುವವರು 108ಕ್ಕೆ ಕರೆ ಮಾಡಲಿ. ಕಾಣದ ತುಂಡಿಗೆ ಬಾಯೊಳಗೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಒಳಗೆ ಹೋಗುತ್ತೆ.

ಮಗನ ವಿಷಯ ಸುಲಭ. ಅವನಿಗೆ ಅರೆಯೋ ಹಲ್ಲು ಬಂದಿರುತ್ತೆ. ಪಟ್ಟಿಯಲ್ಲಿ ಗೋಧಿ ಹಿಟ್ಟೋ ರಾಗಿಯೋ ಮೊದಲಿರುವ, ಸಕ್ಕರೆ ಕಡಿಮೆ ಇರುವ ತೆಳು ಬಿಸ್ಕತ್ತು ಒಂದೆರಡು ಸಾಕು. ಗೋಡಂಬಿ ಬಾದಾಮಿ ಚೂರು ಇರುವುದು ಬೇಡ. ಕ್ರೀಮ್ ಬಿಸ್ಕತ್ತಿನಲ್ಲಿ ಕ್ರೀಮ್ ಅಂತಿರೋದು ಬಹುಪಾಲು ಸಕ್ಕರೆ ಮತ್ತು ಎಣ್ಣೆ. ತಿನ್ನುವಾಗ ಕೂತಿರಬೇಕು. ಓಡುತ್ತಾ, ಆಟೋದಲ್ಲಿ ಕುಲುಕಾಡುತ್ತಾ ತಿನ್ನಬಾರದು. ತಿಂದ ಮೇಲೆ ನೀರು ಕುಡಿಸಿ. ಅಣ್ಣಂದಿರಿಗೆ ತಂಗಿಗೆ ತಿನ್ನಿಸೋ ಹುಮ್ಮಸ್ಸು ಜಾಸ್ತಿ. ಅವನ ತಿಂಡಿ ಮುಗಿದು, ಕೈಯಲ್ಲಿರೋದು ಖಾಲಿಯಾಗಿ, ಕೆಳಗೆ ಬಿದ್ದ ಚೂರುಗಳನ್ನು ಗುಡಿಸಿದ ಮೇಲೇ ಅವಳನ್ನು ನೆಲಕ್ಕೆ ಬಿಡಿ.