ಆಪ್ತಸಲಹೆ ಪ್ರಕರಣ: ಅಡ್ವಾನ್ಸ್ ವಾಪಸ್ ಬರದ ಮನೆ

(ಗುರುತು ಸಿಗದಂತೆ ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ.)

ಕಾವ್ಯಾಗೆ 23 ವರ್ಷ. ಹಾವೇರಿ ಕಡೆಯವಳು. ಬೆಂಗಳೂರಲ್ಲಿ ಮೊದಲ ಕೆಲಸ, ಮಾರತ್ತಹಳ್ಳಿ ಹತ್ತಿರ ಮೊದಲ ಬಾಡಿಗೆ ಮನೆ. ನನ್ನ ಹತ್ತಿರ ಬಂದಾಗ ನಿದ್ದೆ ಕೆಟ್ಟಿತ್ತು, ಊಟ ಸೇರುತ್ತಿರಲಿಲ್ಲ. "ಮೇಡಂ, ಅಪ್ಪ ಸಾಲ ಮಾಡಿ ಕೊಟ್ಟ ಅಡ್ವಾನ್ಸ್ ಅದು, ಮನೇಲಿ ಹೇಗೆ ಹೇಳಲಿ" ಅಂತ ಅತ್ತಳು.

ತಿಂಗಳಿಗೆ 16,000 ಬಾಡಿಗೆ, ಆರು ತಿಂಗಳ ಬಾಡಿಗೆಯಷ್ಟು ಅಂದ್ರೆ 96,000 ಅಡ್ವಾನ್ಸ್. ಆಫೀಸು ಎಲೆಕ್ಟ್ರಾನಿಕ್ ಸಿಟಿಗೆ ಹೋಯಿತು, ಹಾಗಾಗಿ ಜುಲೈ 31ಕ್ಕೆ ಮನೆ ಖಾಲಿ ಮಾಡಿದಳು. ಓನರ್ ಬರೆದುಕೊಟ್ಟ ಲೆಕ್ಕ ಹೀಗಿತ್ತು: ನೋಟಿಸ್ ಕೊಟ್ಟಿಲ್ಲ ಅಂತ 32,000, ಪೇಂಟಿಂಗ್ 28,000, ಕ್ಲೀನಿಂಗ್ 5,000. ಕೈಗೆ ಸಿಗೋದು 31,000 ಮಾತ್ರ.

ಮೊದಲು ಅವಳ ಮಾತು ಪೂರ್ತಿ ಕೇಳಿದೆ. "ನಾನೇ ದಡ್ಡಿ" ಅನ್ನೋದನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಆಮೇಲೆ ಅಗ್ರಿಮೆಂಟ್ ತೆಗಿ ಅಂದೆ. ಸಹಿ ಹಾಕಿದ ದಿನ ಬ್ರೋಕರ್ ಅವಸರ ಮಾಡಿದ್ದಕ್ಕೆ ಅವಳು ಬಾಡಿಗೆ, ಅಡ್ವಾನ್ಸ್ ಎರಡೇ ನೋಡಿದ್ದಳಂತೆ. ಒಂದೊಂದು ಕಲಂ ಓದಿ, ಇದರಿಂದ ಎಷ್ಟು ದುಡ್ಡು ಹೋಗುತ್ತೆ, ಯಾವಾಗ ಹೋಗುತ್ತೆ, ಆ ಮೊತ್ತವನ್ನು ಯಾರು ತೀರ್ಮಾನಿಸುತ್ತಾರೆ ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರಿ ಅಂದೆ. ಬರೀತಾ ಬರೀತಾ ಅವಳ ಉಸಿರು ಸರಿಯಾಯಿತು.

ನೋಟಿಸ್ ಕಲಂ ಹೇಳಿದ್ದು "ಎರಡು ತಿಂಗಳು ಮುಂಚೆ, ಬರವಣಿಗೆಯಲ್ಲಿ" ಅಂತ. ಕಾಗದದ ಪತ್ರವೇ ಬೇಕು ಅಂತಾಗಲಿ, ರಿಜಿಸ್ಟರ್ಡ್ ಪೋಸ್ಟ್ ಅಂತಾಗಲಿ ಇರಲಿಲ್ಲ. ಜೂನ್ 16ಕ್ಕೆ ಅವಳು ವಾಟ್ಸಾಪಲ್ಲಿ "ಅಂಕಲ್, ಜುಲೈ ಕೊನೆಗೆ ಮನೆ ಖಾಲಿ ಮಾಡ್ತೀನಿ" ಅಂತ ಕಳಿಸಿದ್ದಳು, ಅವರು "ಓಕೆ ಅಮ್ಮ" ಅಂದಿದ್ದರು. ಎಲೆಕ್ಟ್ರಾನಿಕ್ ಬರಹವನ್ನೂ ಬರವಣಿಗೆ ಅಂತ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಒಪ್ಪುತ್ತದೆ. ಹಾಗಾದ್ರೆ ನೋಟಿಸ್ ಇದೆ, ಆದರೆ ಅವಧಿ ಸುಮಾರು ಹದಿನೈದು ದಿನ ಕಮ್ಮಿ. ಅರ್ಧ ತಿಂಗಳ ಬಾಡಿಗೆ 8,000 ಅವಳು ಕೊಡೋದು ನ್ಯಾಯ. ಅದನ್ನು ತಪ್ಪಿಸಿಕೊಳ್ಳಬೇಡ ಅಂದೆ.

ಪೇಂಟಿಂಗ್ ಕಲಂ ಕಷ್ಟದ್ದು. "ಒಂದು ತಿಂಗಳ ಬಾಡಿಗೆ ಅಥವಾ ನಿಜವಾಗಿ ಆದ ಖರ್ಚು, ಯಾವುದು ಜಾಸ್ತಿಯೋ ಅದು." ಬೆಂಗಳೂರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯೋದು ಮಾಮೂಲಿ. ಇಲ್ಲಿ ಕಾಡೋದು ಆ ಕೊನೆಯ ಮೂರು ಪದ, ಮೇಲ್ಮಿತಿಯೇ ಇಲ್ಲ ಅಲ್ವಾ. ಬಳಸಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಹೇಳುತ್ತದೆ, ಆದರೆ ಒಪ್ಪಂದದಲ್ಲಿ ಬೇರೆ ಮಾತಿದ್ದರೆ ಅದೇ ನಡೆಯುತ್ತದೆ. ಅಲ್ಲಿಗೆ 16,000 ಹೋಯಿತು ಅಂತಲೇ ಇಟ್ಟುಕೋ ಅಂದೆ. ಆದರೆ "ನಿಜವಾಗಿ ಆದ ಖರ್ಚು" ಅಂದ್ರೆ ಅಂದಾಜು ಅಲ್ಲ. ಓನರ್ ತೋರಿಸಿದ್ದು ಪೇಂಟರ್ ಹೇಳಿದ ರೇಟು. 16,000ಕ್ಕಿಂತ ಮೇಲೆ ಕೇಳೋಕೆ ಬಿಲ್ ಬೇಕು. ಕ್ಲೀನಿಂಗ್ ಮಾತು ಅಗ್ರಿಮೆಂಟಲ್ಲೇ ಇಲ್ಲ.

ಜಗಳ ಬೇಡ, ಒಂದೇ ಮೆಸೇಜ್ ಸಾಕು ಅಂತ ಸಲಹೆ ಕೊಟ್ಟೆ. ಕಲಂ ನಂಬರ್ ಬರಿ, ವಾಟ್ಸಾಪ್ ಸ್ಕ್ರೀನ್‌ಶಾಟ್ ಹಾಕು, 8,000 ಒಪ್ಪು, ಪೇಂಟಿಂಗ್ ಬಿಲ್ ಕೇಳು, ವಾಪಸ್ ಕೊಡೋಕೆ ಒಂದು ತಾರೀಖು ಹೇಳು. ನಾನು ವಕೀಲಳಲ್ಲ. ಅದಕ್ಕೆ, ಅವರು ಒಪ್ಪದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತೆ ಅಂತಲೂ ಹೇಳಿದೆ. ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡು ಅಂದೆ. ಮಾಡಿದಳು. ಅಪ್ಪ ಬೈಯಲಿಲ್ಲ, ಲೆಕ್ಕ ಕೇಳಿದರು, ಅವಳ ಹತ್ತಿರ ಲೆಕ್ಕ ಇತ್ತು.

ಓನರ್ ಮೊದಲು ಸಿಡುಕಿದರು. ಆಮೇಲೆ 21,000ದ ಬಿಲ್ ಕೊಟ್ಟರು, ಕ್ಲೀನಿಂಗ್ ಬಿಟ್ಟರು. 67,000 ವಾಪಸ್ ಬಂತು.

ಎರಡನೇ ಮನೆಗೆ ಅಡ್ವಾನ್ಸ್ ಕೊಡೋ ಮೊದಲೇ ಅಗ್ರಿಮೆಂಟ್ ಕರಡು ತರಿಸಿಕೊಂಡು, ಪೆನ್ಸಿಲ್ ಗುರುತು ಹಾಕಿ ನನಗೆ ತೋರಿಸಿದಳು. ನೋಟಿಸ್ ಒಂದು ತಿಂಗಳು, ವಾಟ್ಸಾಪ್ ಅಥವಾ ಈಮೇಲ್ ನಡೆಯುತ್ತದೆ ಅಂತ ಸೇರಿಸಿದ್ದಳು. ಖಾಲಿ ಮಾಡಿದ ಹದಿನೈದು ದಿನದೊಳಗೆ ಅಡ್ವಾನ್ಸ್ ವಾಪಸ್ ಅಂತ ಬರೆಸಿದ್ದಳು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆಯನ್ನು ಕಮ್ಮಿ ಮಾಡೋಕೆ ಓನರ್ ಒಪ್ಪಲಿಲ್ಲ, ಆದರೆ "ಅದಕ್ಕಿಂತ ಜಾಸ್ತಿ ಇಲ್ಲ" ಅಂತ ಬರೆದುಕೊಟ್ಟರು. ಆ ದುಡ್ಡನ್ನು ಹನ್ನೊಂದು ತಿಂಗಳಿಗೆ ಹಂಚಿ ನೋಡಿ, ಬಾಡಿಗೆ ನಿಜಕ್ಕೂ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕಿ, ಆಮೇಲೆ ಸಹಿ ಹಾಕಿದಳು.