ಒಂದೇ ಓರೆಯಲ್ಲಿ ಕೂರಿಸಿದ ರೆಕ್ಕೆ ಯಾಕೆ ಕರೆಂಟ್ ಕೊಡಲ್ಲ?

ಪ್ರಶ್ನೆ: ಸಾಗರದ ಹತ್ತಿರ ಗುಡ್ಡದ ಮೇಲೆ ಮನೆ. ಕರೆಂಟಿಗೆ ಅಂತ ಮಾಡಿಕೊಂಡ ಗಾಳಿಯಂತ್ರದ ಹಲಗೆ ರೆಕ್ಕೆ ಚೆನ್ನಾಗೇ ತಿರುಗುತ್ತೆ, ಬಲ್ಬ್ ಹಾಕಿದ ಕೂಡಲೇ ನಿಲ್ಲುತ್ತೆ. ಯಾಕೆ?

ಉತ್ತರ: ರೆಕ್ಕೆಗೆ ತಿರುಚು ಇಲ್ಲ, ಅದಕ್ಕೆ. ತುದಿ ಜೋರಾಗಿ ಓಡುತ್ತದೆ, ಬುಡ ನಿಧಾನ. ಹಾಗಾಗಿ ಗಾಳಿ ಎರಡಕ್ಕೂ ಬೇರೆ ಬೇರೆ ಕೋನದಲ್ಲಿ ಬಡಿಯುತ್ತದೆ. ಒಂದೇ ಓರೆ ಎರಡಕ್ಕೂ ಹೊಂದಲ್ಲ, ಬಲ್ಬಿನ ಹೊರೆ ಎಳೆಯುವಷ್ಟು ಬಲ ಬರಲ್ಲ.

1.2 ಮೀಟರ್ ಅಗಲದ ಚಕ್ರ ಅಂದುಕೊಳ್ಳಿ. ಗಾಳಿ ಸೆಕೆಂಡಿಗೆ 5 ಮೀಟರ್, ತುದಿಯ ವೇಗ ಅದರ ಐದು ಪಟ್ಟು, ಅಂದರೆ 25 ಮೀಟರ್. ನಡುವಿನಿಂದ 15 ಸೆಂ.ಮೀ. ದೂರದಲ್ಲಿ ವೇಗ ಬರೀ 6 ಮೀಟರ್ ಚಿಲ್ಲರೆ. ಅಲ್ಲಿ ರೆಕ್ಕೆ ಚಕ್ರ ತಿರುಗುವ ಸಮತಲದಿಂದ ಸುಮಾರು 24 ಡಿಗ್ರಿ ಓರೆ ಇರಬೇಕು, ತುದಿಯಲ್ಲಿ 4 ಸಾಕು. ಗಾಳಿಗೆ ಎದುರಾಗುವ ಅಂಚು ದುಂಡಗೆ, ಹಿಂದಿನ ಅಂಚು ತೆಳ್ಳಗೆ ಹೆರೆಯಿರಿ. ಬುಡ ಅಗಲ, ತುದಿ ಕಿರಿದು.

ಬಲ್ಬ್ ಇಲ್ಲದೆ ಸುಮ್ನೆ ವೋಲ್ಟ್ ಅಳೆದರೆ ಏನೂ ಗೊತ್ತಾಗಲ್ಲ. ಎಸಿ ಬರುವ ಜನರೇಟರ್ ಆದರೆ ಮೊದಲು ರೆಕ್ಟಿಫೈಯರ್ ಹಾಕಿ ಡಿಸಿ ಮಾಡಿಕೊಳ್ಳಿ. ಆಮೇಲೆ 10 ಓಮ್‌ನ ದಪ್ಪ ರೆಸಿಸ್ಟರ್ ಹಾಕಿ ಅಳೆಯಿರಿ. 12 ವೋಲ್ಟ್ ಬಂದರೆ 12×12÷10, ಅಂದರೆ 14.4 ವ್ಯಾಟ್. ಈ ಗಾಳಿಗೆ ಇಷ್ಟು ಬಂದರೆ ಒಳ್ಳೆಯದೇ. ಚಕ್ರದ ಮೂಲಕ ಹಾಯುವ ಗಾಳಿಯಲ್ಲೇ ಇರುವುದು 80 ವ್ಯಾಟ್ ಆಸುಪಾಸು.

ಕಂಬ ಅಡಿಕೆ ಮರಕ್ಕಿಂತ ಎತ್ತರ ಇದೆ ಅಲ್ವಾ? ಇಲ್ಲದಿದ್ದರೆ ಗಾಳಿ ಸುಳಿ ಸುತ್ತಿ ಅಳತೆ ಕ್ಷಣಕ್ಕೊಂದು ತೋರಿಸುತ್ತದೆ.