ರಜೆಯ ಸಂಬಳದಲ್ಲಿ ಮಾರಾಟದ ಕಮಿಷನ್ ಸೇರಬೇಕೇ?

“ಕಲಬುರಗಿಯ ಬಟ್ಟೆ ಅಂಗಡಿಯಲ್ಲಿದ್ದೇನೆ. ಮೇ ತಿಂಗಳಲ್ಲಿ 6 ದಿನ ಸಂಬಳದ ರಜೆ ಹಾಕಿದೆ. ಮಾಲೀಕರು ಮೂಲ ಸಂಬಳ ಮಾತ್ರ ಕೊಟ್ಟರು, ಸರಿಯೇ?”

ಸರಿಯಲ್ಲ ತಮ್ಮಾ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ, ರಜೆಗೆ ಹಿಂದಿನ ತಿಂಗಳ ಒಟ್ಟು ಗಳಿಕೆಯನ್ನು ಆ ತಿಂಗಳು ನಿಜವಾಗಿ ದುಡಿದ ದಿನಗಳಿಂದ ಭಾಗಿಸಿ ದಿನದ ದರ ತೆಗೆಯಬೇಕು. ಓವರ್‌ಟೈಮ್ ಮತ್ತು ಬೋನಸ್ ಮಾತ್ರ ಹೊರಗೆ.

ಏಪ್ರಿಲ್‌ನಲ್ಲಿ ನಿಮಗೆ ಸಂಬಳ 13,000, ಕಮಿಷನ್ 6,500 ರೂಪಾಯಿ ಬಂದು, 26 ದಿನ ದುಡಿದಿದ್ದೀರಿ ಎನ್ನೋಣ. ದಿನಕ್ಕೆ 750 ಆಗುತ್ತದೆ. 6 ದಿನಕ್ಕೆ 4,500. ಕಮಿಷನ್ ಬಿಟ್ಟರೆ 3,000 ಮಾತ್ರ. ಆ 1,500 ನಿಮ್ಮ ಬೆವರಿನ ಹಣ, ಬಿಡಬೇಡಿ.

ಆದರೆ ಏಪ್ರಿಲ್ ಚೀಟಿಯನ್ನು ಮೊದಲು ನೋಡಿ. ಕಮಿಷನ್ ಅನ್ನು ಅಲ್ಲಿ ‘ಬೋನಸ್’ ಎಂದು ಬರೆದಿದ್ದರೆ ಜಗಳ ಅಲ್ಲಿಯೇ ಶುರುವಾಗುತ್ತದೆ. ಪ್ರತಿ ಮಾರಾಟಕ್ಕೆ ಇಷ್ಟು ಎಂದು ಲೆಕ್ಕ ಹಾಕಿದ ಬಿಲ್ ಪುಸ್ತಕದ ಫೋಟೊ ಇಟ್ಟುಕೊಂಡು ಕಾರ್ಮಿಕ ನಿರೀಕ್ಷಕರ ಬಳಿ ಹೋಗಿ.